ನುಸಿಗುಳಿಗೆಯ ವಾಸನೆ ಬಿಡಿಸುವ ಕ್ರಮ: ಮೊದಲು ಬೀರು, ಆಮೇಲೆ ಬಟ್ಟೆ, ಕೊನೆಗೆ ಕಂಬಳಿ

ನುಸಿಗುಳಿಗೆಯ ವಾಸನೆ ಹೋಗುತ್ತಿಲ್ಲ ಎಂದು ಹೇಳುವವರಲ್ಲಿ ಹೆಚ್ಚಿನವರು ಮಾಡಿರುವ ಕೆಲಸ ಒಂದೇ ಬಗೆಯದು. ಬಟ್ಟೆಯನ್ನು ಒಗೆದು, ಪರಿಮಳದ ದ್ರವದಲ್ಲಿ ಅದ್ದಿ, ಒಣಗಿಸಿ, ಅದೇ ಬೀರುವಿನೊಳಗೆ ಮಡಿಸಿಟ್ಟಿರುತ್ತಾರೆ. ವಾರ ಕಳೆಯುವಷ್ಟರಲ್ಲಿ ಗುಳಿಗೆಯ ವಾಸನೆ ಮತ್ತೆ ಹಾಜರಾಗುತ್ತದೆ, ಅದರ ಜೊತೆಗೆ ಮಲ್ಲಿಗೆಯದೋ ಲ್ಯಾವೆಂಡರಿನದೋ ಕಟುವಾಸನೆಯೂ ಸೇರಿ ತಲೆನೋವು ತರುತ್ತದೆ. ಇಲ್ಲಿ ತಪ್ಪಿರುವುದು ಸೋಪಿನ ಆಯ್ಕೆಯಲ್ಲಿ ಅಲ್ಲ, ಕೆಲಸದ ಅನುಕ್ರಮದಲ್ಲಿ. ಆದ್ದರಿಂದ ಈ ಬರಹದಲ್ಲಿ ಯಾವುದರ ನಂತರ ಯಾವುದನ್ನು ಮಾಡಬೇಕು ಎಂಬುದಕ್ಕೇ ಹೆಚ್ಚು ಜಾಗ ಕೊಟ್ಟಿದೆ. ಉದಾಹರಣೆಗಾಗಿ ತುಮಕೂರಿನ ಕ್ಯಾತ್ಸಂದ್ರದ ಒಂದು ಮನೆಯ ಬೀರು ಮತ್ತು ಟ್ರಂಕನ್ನು ಉದ್ದಕ್ಕೂ ಜೊತೆಗೆ ಇಟ್ಟುಕೊಂಡಿದ್ದೇನೆ.

ಒಗೆದರೂ ವಾಸನೆ ಏಕೆ ಉಳಿಯುತ್ತದೆ

ನಮ್ಮ ಅಂಗಡಿಗಳಲ್ಲಿ ಸಿಗುವ ಬಿಳಿ ಗುಳಿಗೆ ಸಾಮಾನ್ಯವಾಗಿ ನ್ಯಾಫ್ತಲೀನ್. ಅದು ಕರಗಿ ನೀರಾಗದೆ, ಗಟ್ಟಿ ಸ್ಥಿತಿಯಿಂದ ನೇರವಾಗಿ ಆವಿಯಾಗುತ್ತದೆ. ಆ ಆವಿ ಬಟ್ಟೆಯ ಎಳೆಯಲ್ಲಿ, ಮರದ ರಂಧ್ರದಲ್ಲಿ, ಪ್ಲಾಸ್ಟಿಕ್ಕಿನ ಮೈಯಲ್ಲಿ ಸೇರಿಕೊಳ್ಳುತ್ತದೆ. ಮೂಗಿಗೆ ಬರುವ ವಾಸನೆಯೆಂದರೆ ಆ ವಸ್ತುವೇ ಸ್ವಲ್ಪ ಸ್ವಲ್ಪವಾಗಿ ಮತ್ತೆ ಹೊರಗೆ ಬರುತ್ತಿರುವುದು. ಹಾಗಾಗಿ ಅದನ್ನು ಮುಚ್ಚಿಹಾಕುವ ದಾರಿ ಇಲ್ಲ, ಹೊರಗೆ ಕಳಿಸುವ ದಾರಿ ಮಾತ್ರ ಇದೆ.

ಈ ವಸ್ತು ನೀರಿನಲ್ಲಿ ಬಹಳ ಕಡಿಮೆ ಕರಗುತ್ತದೆ. ಒಂದು ಲೀಟರ್ ತಣ್ಣೀರು ಹಿಡಿದುಕೊಳ್ಳುವುದು ಸುಮಾರು 30 ಮಿಲಿಗ್ರಾಂ ಮಾತ್ರ. ಅಂದರೆ ಮೂರು ಗ್ರಾಂ ತೂಕದ ಒಂದೇ ಒಂದು ಗುಳಿಗೆಯನ್ನು ಬರಿಯ ನೀರಿನಲ್ಲಿ ಕರಗಿಸಲು 100 ಲೀಟರ್ ಬೇಕಾಗುತ್ತದೆ. ಆದರೆ ಶಾಖಕ್ಕೆ ಅದು ಬೇಗ ಬಗ್ಗುತ್ತದೆ. ಉಷ್ಣಾಂಶ 25 ಡಿಗ್ರಿಯಿಂದ 35 ಡಿಗ್ರಿಗೆ ಏರಿದರೆ ಅದು ಆವಿಯಾಗುವ ಒತ್ತಡ ಸುಮಾರು ಎರಡೂವರೆ ಪಟ್ಟಾಗುತ್ತದೆ. ಹೀಗಾಗಿ ಇಡೀ ಕೆಲಸ ನಿಂತಿರುವುದು ಬಿಸಿ ಮತ್ತು ಚಲಿಸುವ ಗಾಳಿಯ ಮೇಲೆ. ನೀರಿನದು ನಡುವೆ ಬರುವ ಚಿಕ್ಕ ಪಾತ್ರ.

ವಿನಿಗರ್ ಮತ್ತು ಅಡುಗೆ ಸೋಡಾದ ಬಗ್ಗೆಯೂ ಇಲ್ಲೇ ಹೇಳಿಬಿಡುವುದು ಒಳ್ಳೆಯದು. ನ್ಯಾಫ್ತಲೀನ್ ಆಮ್ಲವೂ ಅಲ್ಲ, ಕ್ಷಾರವೂ ಅಲ್ಲ. ಆದ್ದರಿಂದ ಹುಳಿಯಾಗಲಿ ಸೋಡಾ ಆಗಲಿ ಅದನ್ನು ಬೇರೆ ಏನಾಗಿಯೂ ಬದಲಿಸುವುದಿಲ್ಲ. ಬೆವರಿನ ಕಮಟಿಗೆ ಇವು ಉಪಯುಕ್ತವಾಗಿರಬಹುದು, ನುಸಿಗುಳಿಗೆಗೆ ಇವುಗಳ ಮೇಲೆ ಹಣ ಹಾಕಬೇಕಾಗಿಲ್ಲ.

ಬೇಕಾಗುವ ಸಾಮಾನು ಮತ್ತು ಕಾಲ

ಹೆಚ್ಚಿನದೇನೂ ಬೇಡ. ಟೇಬಲ್ ಫ್ಯಾನ್ ಒಂದು, ಬಟ್ಟೆ ಒಣಗಿಸುವ ಹಗ್ಗ, ಮೆತ್ತಗಿನ ಬ್ರಷ್ಷು, ಕೈಗವಸು, ಬಿಗಿಮುಚ್ಚಳದ ಗಾಜಿನ ಬಾಟಲಿ, ಹಳೆಯ ಬಿಳಿ ಪಂಚೆ ಎರಡು, ಒಗೆಯುವ ಪುಡಿ, ರೇಷ್ಮೆ ಸುತ್ತುವ ಪಂಚೆ ಒಗೆಯಲು ಅಂಟುವಾಳದ ಕಾಯಿ, ಮುಚ್ಚಳ ಭದ್ರವಾಗಿ ಕೂರುವ ಒಂದು ಸ್ಟೀಲ್ ಡಬ್ಬಿ. ಇವುಗಳ ಜೊತೆಗೆ ಒಂದು ಕಿಲೋದಷ್ಟು ಸಕ್ರಿಯ ಇದ್ದಿಲು ಇದ್ದರೆ ಒಳ್ಳೆಯದು. ಮೀನಿನ ತೊಟ್ಟಿಯ ಅಂಗಡಿಯಲ್ಲಿ ಅಥವಾ ನೀರಿನ ಫಿಲ್ಟರ್ ರಿಪೇರಿ ಮಾಡುವವರ ಬಳಿ ಕಾಳಿನ ರೂಪದಲ್ಲಿ ಕೇಳಿ, ಪುಡಿ ತರಬೇಡಿ. ತೆಂಗಿನ ಕರಟದ ಮಾಮೂಲಿ ಇದ್ದಿಲೂ ವಾಸನೆ ಹೀರುತ್ತದೆ, ಆದರೆ ಅದರ ಶಕ್ತಿ ಕಡಿಮೆ. ಪ್ರಮಾಣವನ್ನು ಎರಡು ಮೂರು ಪಟ್ಟು ಮಾಡಿಕೊಳ್ಳಬೇಕು.

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಬಯಲುಸೀಮೆಯಲ್ಲಿ ಈ ಕೆಲಸಕ್ಕೆ ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗಿನ ದಿನಗಳು ಬಹಳ ಅನುಕೂಲ. ಆಗ ಗಾಳಿ ಒಣಗಿರುತ್ತದೆ, ಬಿಸಿಲು ಚೆನ್ನಾಗಿರುತ್ತದೆ. ಮೋಡ ಮುಸುಕಿದ ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ ಶುರುಮಾಡಿದರೆ ಪ್ರತಿ ಹಂತಕ್ಕೂ ಇಮ್ಮಡಿ ಸಮಯ ಹಿಡಿಯುತ್ತದೆ, ಕಂಬಳಿಗೆ ಬೂಷ್ಟು ಹತ್ತುವ ಭಯ ಬೇರೆ. ಮಳೆಗಾಲದಲ್ಲೇ ತುರ್ತು ಬಿದ್ದರೆ ಉಡುವ ಒಂದೆರಡು ಬಟ್ಟೆಗಳನ್ನು ಮಾತ್ರ ಸರಿಮಾಡಿಕೊಂಡು, ಉಳಿದದ್ದನ್ನು ಬೇಸಿಗೆಗೆ ಬಿಡುವುದು ಜಾಣತನ.

ಹಂತ 1: ಗುಳಿಗೆಯ ಕೊನೆಯ ಚೂರನ್ನೂ ಹೊರಗೆ ತೆಗೆಯುವುದು

ಈ ಹಂತವನ್ನು ಎಲ್ಲರೂ ಮಾಡಿದ್ದೇವೆ ಎಂದುಕೊಳ್ಳುತ್ತಾರೆ, ಆದರೆ ಪೂರ್ತಿ ಮಾಡಿದವರು ವಿರಳ. ಕಣ್ಣಿಗೆ ಬೀಳುವ ದುಂಡು ಗುಳಿಗೆಗಳನ್ನು ಆರಿಸುವುದು ಸುಲಭ. ಉಳಿಯುವುದು ಸವೆದು ಮೆಣಸಿನಕಾಳಿನಷ್ಟಾದ ಚೂರುಗಳು.

ಕ್ಯಾತ್ಸಂದ್ರದ ಮನೆಯಲ್ಲಿ ಬಟ್ಟೆಯನ್ನು ಅದಾಗಲೇ ಒಗೆದಾಗಿತ್ತು, ಸಾಂಬ್ರಾಣಿ ಹೊಗೆಯನ್ನೂ ಹಾಕಿಯಾಗಿತ್ತು. “ಎಲ್ಲಾ ತೆಗೆದಿದ್ದೀವಲ್ಲ ಅತ್ತೆ, ಮತ್ತೆ ಎಲ್ಲಿಂದ ಬರುತ್ತೆ?” ಎಂದು ಸೊಸೆ ಕೇಳಿದಾಗ ಅತ್ತೆ ನೆನಪು ಮಾಡಿಕೊಂಡು, “ಲಾಕರಿನ ಒಳಗೂ ಹಾಕಿದ್ದೆ ಕಣಮ್ಮ, ಪೇಪರ್ ಕೆಳಗೂ ಒಂದಷ್ಟು ಉದುರಿಸಿದ್ದೆ” ಎಂದರು. ಹುಡುಕಿದಾಗ ಲಾಕರಿನ ಮೂಲೆಯಲ್ಲಿ, ಅಂಕಣಕ್ಕೆ ಹಾಸಿದ ಹಳೆಯ ದಿನಪತ್ರಿಕೆಯ ಅಡಿಯಲ್ಲಿ, ಒಂದು ಕೋಟಿನ ಒಳಜೇಬಿನಲ್ಲಿ, ರೇಷ್ಮೆ ಸೀರೆಯ ಒಳಮಡಿಕೆಯಲ್ಲಿ ಚೂರುಗಳು ಸಿಕ್ಕವು. ಸೀರೆಯ ಫಾಲ್ ಹೊಲಿಗೆಯ ನಡುವೆ ಸಿಕ್ಕಿಕೊಂಡಿದ್ದ ಒಂದು ಚೂರು ಬೆರಳಿಗೆ ತಾಗಿತೇ ಹೊರತು ಕಣ್ಣಿಗೆ ಕಾಣಲಿಲ್ಲ.

ಆದ್ದರಿಂದ ಪ್ರತಿ ಬಟ್ಟೆಯನ್ನೂ ಪೂರ್ತಿ ಬಿಚ್ಚಿ, ಜೇಬು, ಮಡಿಕೆ, ರವಿಕೆಯ ಒಳಪದರ ಎಲ್ಲವನ್ನೂ ಬೆರಳಿನಿಂದ ಸವರಿ ನೋಡಬೇಕು. ಇದನ್ನು ತಾರಸಿಯ ಮೇಲೆ ಅಥವಾ ಅಂಗಳದಲ್ಲಿ ಮಾಡಿ, ಮಲಗುವ ಕೋಣೆಯಲ್ಲಿ ಬೇಡ. ದಿನಪತ್ರಿಕೆ, ಸೀರೆ ಸುತ್ತಿದ ಪ್ಲಾಸ್ಟಿಕ್ ಕವರು, ಗುಳಿಗೆ ಕಟ್ಟಿಟ್ಟ ಬಟ್ಟೆಯ ಗಂಟು, ಇವೆಲ್ಲ ಆವಿಯನ್ನು ಹೀರಿಕೊಂಡಿರುತ್ತವೆ, ಒಂದನ್ನೂ ಉಳಿಸಿಕೊಳ್ಳಬೇಡಿ. ಬಟ್ಟೆಯ ಮೇಲೆ ಅಥವಾ ಬೀರುವಿನ ತಗಡಿನ ಮೇಲೆ ಅಭ್ರಕದಂತೆ ಹೊಳೆಯುವ ತೆಳು ಬಿಳಿ ಹಳುಕು ಕಂಡರೆ ಅದನ್ನು ಧೂಳೆಂದು ಬಿಡಬೇಡಿ. ಆವಿಯು ತಂಪಾದ ಜಾಗದಲ್ಲಿ ಮತ್ತೆ ಹರಳಾಗಿ ಕೂತಿರುವ ಗುರುತು ಅದು. ಮೊದಲು ಒಣ ಬ್ರಷ್ಷಿನಿಂದ ಹೊರಗೆ ಉದುರಿಸಿ, ಆಮೇಲೆ ಮುಂದಿನ ಕೆಲಸ.

ಆರಿಸಿದ ಚೂರುಗಳನ್ನು ಬರಿಗೈಯಲ್ಲಿ ಮುಟ್ಟದೆ ಗಾಜಿನ ಬಾಟಲಿಗೆ ಹಾಕಿ ಮುಚ್ಚಳ ಬಿಗಿಮಾಡಿ. ಅವನ್ನು ಚರಂಡಿಗೆ ಎಸೆಯುವುದು, ಒಲೆಗೆ ಹಾಕುವುದು ಎರಡೂ ಕೂಡದು. ನಗರಸಭೆಯ ಅಥವಾ ಪಾಲಿಕೆಯ ಕಸದ ಗಾಡಿ ಬಂದಾಗ ಹಸಿ ಕಸ, ಒಣ ಕಸದ ಜೊತೆ ಬೆರೆಸದೆ, ಮನೆಯ ಅಪಾಯಕಾರಿ ಕಸವೆಂದು ಹೇಳಿ ಬಾಟಲಿಯನ್ನು ಬೇರೆಯಾಗಿ ಕೊಡಿ.

ಹಂತ 2: ವಿಂಗಡಣೆ

ಬಟ್ಟೆಯನ್ನು ನಾಲ್ಕು ಗುಂಪು ಮಾಡಿ: ಹತ್ತಿ, ಪಾಲಿಯೆಸ್ಟರ್ ಬೆರೆತ ಬಟ್ಟೆ, ರೇಷ್ಮೆ, ಉಣ್ಣೆ. ನ್ಯಾಫ್ತಲೀನ್ ಎಣ್ಣೆಯಂಥ ವಸ್ತುಗಳಲ್ಲಿ ಸುಲಭವಾಗಿ ಬೆರೆಯುವುದರಿಂದ ಪಾಲಿಯೆಸ್ಟರ್ ಅದನ್ನು ಹತ್ತಿಗಿಂತ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಎರಡನ್ನೂ ಒಂದೇ ರಾಶಿಯಲ್ಲಿ ಇಟ್ಟರೆ ಬೇಗ ಶುದ್ಧವಾದ ಹತ್ತಿಗೆ ಪಾಲಿಯೆಸ್ಟರಿನಿಂದ ವಾಸನೆ ಮರಳಿ ಹತ್ತುತ್ತದೆ. ಒಂದೇ ಮನೆಯಲ್ಲಿ ಕೆಲವು ಬಟ್ಟೆ ಎರಡು ದಿನದಲ್ಲಿ ಸರಿಹೋಗಿ ಕೆಲವು ಹದಿನೈದು ದಿನ ಕಾಡುವುದಕ್ಕೆ ಕಾರಣ ಇದೇ.

ಎಳೆಮಗುವಿನ ಬಟ್ಟೆ, ಕುಲಾವಿ, ಹೊದಿಕೆಗಳನ್ನು ಐದನೆಯ ಗುಂಪಾಗಿ ಎತ್ತಿಡಿ. ಅವುಗಳ ಬಗ್ಗೆ ಕೊನೆಯಲ್ಲಿ ಬೇರೆಯಾಗಿ ಹೇಳಿದೆ.

ಹಂತ 3: ಬೀರು ಮತ್ತು ಗೋಡೆಯ ಕಪಾಟು

ಬಟ್ಟೆ ಹೊರಗೆ ಗಾಳಿಗೆ ಬಿದ್ದಿರುವಾಗಲೇ ಬೀರುವಿನ ಕೆಲಸ ಮುಗಿಯಬೇಕು. ಬಟ್ಟೆಯನ್ನು ಎಷ್ಟು ಚೆನ್ನಾಗಿ ಮಾಡಿದರೂ ವಾಸನೆಯ ಬೀರುವಿಗೆ ಮರಳಿದರೆ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಸ್ಟೀಲ್ ಬೀರು ಸುಲಭದ ಪ್ರಾಣಿ. ಬಣ್ಣ ಹೊಡೆದ ತಗಡು ಆವಿಯನ್ನು ಬಹಳ ಕಡಿಮೆ ಹೀರುತ್ತದೆ. ಬಿಸಿನೀರಿಗೆ ಒಗೆಯುವ ಪುಡಿ ಹಾಕಿ, ಬಟ್ಟೆಯನ್ನು ಅದ್ದಿ ಹಿಂಡಿಕೊಂಡು ಛಾವಣಿಯ ಭಾಗ, ಬಾಗಿಲಿನ ಒಳಮೈ, ಲಾಕರ್, ಅಂಕಣದ ಕೆಳಗಿನ ಮೈ ಎಲ್ಲವನ್ನೂ ಒರೆಸಿ, ಮತ್ತೆ ಬರೀ ನೀರಿನಿಂದ ಒರೆಸಿ. ತಗಡು ತುಕ್ಕು ಹಿಡಿಯದಂತೆ ಒಣಬಟ್ಟೆಯಿಂದ ತೇವ ತೆಗೆದು ಎರಡು ದಿನ ಬಾಗಿಲು ತೆರೆದಿಡಿ. ಬಾಗಿಲಿನ ಅಂಚಿಗೆ ರಬ್ಬರ್ ಪಟ್ಟಿ ಇದ್ದು ಅದರಲ್ಲೇ ವಾಸನೆ ಉಳಿದಿದ್ದರೆ ಪಟ್ಟಿಯನ್ನೇ ಬದಲಿಸುವುದು ಅಗ್ಗದ ಉಪಾಯ.

ತೊಂದರೆ ಕೊಡುವುದು ಗೋಡೆಯ ಕಪಾಟು, ಅದರಲ್ಲೂ ಒಳಗೆ ಬಣ್ಣ ಕಾಣದ ಬರಿಯ ಪ್ಲೈವುಡ್. ಅದನ್ನು ನೀರಿನಿಂದ ತೊಳೆಯಲು ಹೋಗಬೇಡಿ, ಪ್ಲೈ ಉಬ್ಬುತ್ತದೆ. ಕಳಚಲು ಬರುವ ಹಲಗೆಗಳನ್ನು ಕಳಚಿ ನೇರ ಬಿಸಿಲಿಗೆ ನಿಲ್ಲಿಸಿ, ಮಧ್ಯಾಹ್ನ ಒಮ್ಮೆ ಮೈ ತಿರುಗಿಸಿ. ಕಳಚಲಾಗದ ಒಳಭಾಗಕ್ಕೆ ಟೇಬಲ್ ಫ್ಯಾನನ್ನು ಒಂದು ಬದಿಯಿಂದ ಓರೆಯಾಗಿ ಹಿಡಿದು, ಎದುರಿನ ಕಿಟಕಿ ತೆರೆದಿಡಿ. ಗಾಳಿ ಕೋಣೆಯಲ್ಲೇ ಸುತ್ತದೆ ಹೊರಗೆ ಹೋಗಬೇಕು ಎಂಬುದು ಇಲ್ಲಿನ ಗುಟ್ಟು. ಇದನ್ನು ಹಗಲಿನಲ್ಲಿ ಮಾಡಿ, ಆ ದಿನಗಳಲ್ಲಿ ಆ ಕೋಣೆಯಲ್ಲಿ ಯಾರೂ ಮಲಗುವುದು ಬೇಡ.

ರಾತ್ರಿ ಕಳ್ಳಕಾಕರ ಭಯಕ್ಕೋ ಹಲ್ಲಿ ಜಿರಳೆಯ ಕಾಟಕ್ಕೋ ಬಾಗಿಲು ಮುಚ್ಚುವಾಗ ಪ್ರತಿ ಅಂಕಣಕ್ಕೆ ಕಾಲು ಕಿಲೋದಷ್ಟು ಸಕ್ರಿಯ ಇದ್ದಿಲನ್ನು ಅಗಲವಾದ ತಟ್ಟೆಯಲ್ಲಿ ಹರಡಿ ಇಡಿ. ಡಬ್ಬಿಯಲ್ಲಿ ರಾಶಿ ಹಾಕಿದರೆ ಮೇಲಿನ ಪದರ ಮಾತ್ರ ಕೆಲಸ ಮಾಡುತ್ತದೆ. ಹಗಲಿನಲ್ಲಿ ಬಾಗಿಲು ತೆರೆದು ಫ್ಯಾನ್ ಹಾಕುವಾಗ ತಟ್ಟೆಗಳನ್ನು ಹೊರಗೆ ತೆಗೆಯಿರಿ. ಬಿಸಿಲಿನಲ್ಲಿಟ್ಟರೆ ಇದ್ದಿಲು ಸ್ವಲ್ಪಮಟ್ಟಿಗೆ ಹಗುರಾಗುತ್ತದೆ, ಪೂರ್ತಿ ಹೊಸದಾಗುವುದಿಲ್ಲ. ಎರಡು ವಾರದ ನಂತರ ಅದನ್ನು ಬದಲಿಸಬೇಕು.

ಕ್ಯಾತ್ಸಂದ್ರದ ಮನೆಯಲ್ಲಿ ಸ್ಟೀಲ್ ಬೀರು ಮೂರನೆಯ ದಿನಕ್ಕೆ ಸಿದ್ಧವಾಯಿತು, ಅದರ ಪಕ್ಕದ ಪ್ಲೈವುಡ್ ಕಪಾಟು ತಿಂಗಳ ಮೇಲೂ ಬಾಗಿಲು ಮುಚ್ಚಿದೊಡನೆ ವಾಸನೆ ಕೊಡುತ್ತಿತ್ತು. ಅಂಥ ಮರಕ್ಕೆ ಉಳಿದಿರುವ ಉಪಾಯವೆಂದರೆ ಒಳಮೈಯನ್ನು ಮುಚ್ಚಿಬಿಡುವುದು. ಸ್ಪಿರಿಟ್ಟಿನಲ್ಲಿ ಅರಗು ಕರಗಿಸಿ ಮಾಡುವ ಪಾಲಿಶ್ ಬಡಗಿಗಳಿಗೆಲ್ಲ ಗೊತ್ತು. ಹಲಗೆಯ ಎರಡು ಮೈ ಮತ್ತು ಕತ್ತರಿಸಿದ ಅಂಚುಗಳಿಗೆ ಎರಡು ಕೈ ಹೊಡೆಸಿದರೆ ಒಳಗಿನ ಆವಿ ಹೊರಬರುವ ದಾರಿ ಬಹುಮಟ್ಟಿಗೆ ಕಟ್ಟುತ್ತದೆ. ಅಂಚುಗಳನ್ನು ಬಿಟ್ಟರೆ ವಾಸನೆ ಅಲ್ಲಿಂದಲೇ ಬರುತ್ತದೆ, ಬಡಗಿಗಳು ಬಿಡುವುದೂ ಅವನ್ನೇ. ಸ್ಪಿರಿಟ್ ಉರಿಯುವ ವಸ್ತುವಾದ್ದರಿಂದ ದೇವರ ದೀಪ, ಒಲೆ ಹತ್ತಿರ ಇರಬಾರದು. ಪಾಲಿಶ್ ಪೂರ್ತಿ ಆರಿ ಅದರ ವಾಸನೆಯೂ ಹೋದ ಮೇಲೆಯೇ ಬಟ್ಟೆ ಇಡಬೇಕು. ಗಾಳಿಗಿಟ್ಟು ಕನಿಷ್ಠ ಮೂರು ವಾರವಾದರೂ ಕಾಯದೆ ಈ ಖರ್ಚಿಗೆ ಕೈಹಾಕಬೇಡಿ.

ಹಂತ 4: ಒಗೆಯಬಹುದಾದ ಬಟ್ಟೆ: ಗಾಳಿ, ನೀರು, ಮತ್ತೆ ಗಾಳಿ

ತೆಗೆದ ಕೂಡಲೇ ಬಟ್ಟೆಯನ್ನು ಯಂತ್ರಕ್ಕೆ ತುಂಬುವುದು ಸಾಮಾನ್ಯ ತಪ್ಪು. ಹಾಗೆ ಮಾಡಿದರೆ ವಾಸನೆ ಯಂತ್ರದ ಬಾಗಿಲಿನ ರಬ್ಬರಿಗೂ ಅದೇ ನೀರಿನಲ್ಲಿ ಒಗೆದ ಬೇರೆ ಬಟ್ಟೆಗಳಿಗೂ ಹತ್ತುತ್ತದೆ. ಮೊದಲು ಒಣಬಟ್ಟೆಯನ್ನೇ ಹಗ್ಗದ ಮೇಲೆ ಒಂದರ ಮೇಲೊಂದು ಬೀಳದಂತೆ, ನಡುವೆ ಒಂದು ಗೇಣು ಜಾಗ ಬಿಟ್ಟು, ಒಳಮೈ ಹೊರಗೆ ಮಾಡಿ ಹಾಕಿ. ಹತ್ತಿಗೆ ಎರಡು ದಿನದ ಬಿಸಿಲು, ಪಾಲಿಯೆಸ್ಟರಿಗೆ ನಾಲ್ಕರಿಂದ ಏಳು ದಿನ ಬೇಕಾಗಬಹುದು. ಬಣ್ಣ ಮಾಸುವ ಬಟ್ಟೆಯಾದರೆ ನೆರಳಿನಲ್ಲಿ ಗಾಳಿಗೆ ಒಡ್ಡಿ ದಿನಗಳನ್ನು ಹೆಚ್ಚಿಸಿ.

ಇಬ್ಬನಿ ಬೀಳುವ ಮುನ್ನ ಸಂಜೆ ಐದರ ಸುಮಾರಿಗೆ ಬಟ್ಟೆಯನ್ನು ಒಳಗೆ ತರಬೇಕು, ಆದರೆ ಬಿಸಿಯಾಗಿರುವಾಗಲೇ ಮಡಿಸಿ ಒಟ್ಟಬಾರದು. ರಾಶಿಯ ನಡುವೆ ಆವಿ ಸಿಕ್ಕಿಕೊಂಡು, ರಾತ್ರಿ ತಣ್ಣಗಾದಾಗ ಮತ್ತೆ ಎಳೆಯಲ್ಲೇ ಕೂರುತ್ತದೆ. ವರಾಂಡದಲ್ಲಿ ಇನ್ನೊಂದು ಹಗ್ಗ ಕಟ್ಟಿ ರಾತ್ರಿಯಿಡೀ ಅಲ್ಲಿ ಸಡಿಲವಾಗಿ ನೇತುಹಾಕಿ.

ಗಾಳಿಗಿಟ್ಟ ನಂತರ ಒಗೆಯುವಿಕೆ. ಹತ್ತಿಗೆ ಕೈ ತಾಳುವಷ್ಟು ಬಿಸಿನೀರು, ಎಂದಿನಷ್ಟೇ ಪುಡಿ, ಮುಕ್ಕಾಲು ಗಂಟೆ ನೆನೆಯುವಿಕೆ ಸಾಕು. ಬರಿಯ ನೀರು ಹಿಡಿಯಲಾರದ ನ್ಯಾಫ್ತಲೀನನ್ನು ಸೋಪು ಒಂದಿಷ್ಟು ಹಿಡಿದುಕೊಂಡು ಹೋಗುತ್ತದೆ. ಪುಡಿಯ ಪ್ರಮಾಣ ಹೆಚ್ಚಿಸಿದರೆ ಜಾಲಿಸುವುದು ಕಷ್ಟವಾಗುತ್ತದೆಯೇ ಹೊರತು ಲಾಭವಿಲ್ಲ. ನೀರು ಬದಲಿಸಿ ಎರಡು ಸಲ ಜಾಲಿಸಿ. ಮೃದುಕಾರಕ ದ್ರವವನ್ನು ಈ ಹಂತದಲ್ಲಿ ಖಂಡಿತ ಹಾಕಬೇಡಿ. ಅದು ಎಳೆಯ ಮೇಲೆ ಜಿಡ್ಡಿನ ತೆಳು ಪದರ ಬಿಡುತ್ತದೆ, ಪರಿಮಳ ಸೇರಿದರೆ ವಾಸನೆ ಉಳಿದಿದೆಯೋ ಇಲ್ಲವೋ ಎಂದು ತಿಳಿಯುವ ಬಗೆಯೇ ಇರುವುದಿಲ್ಲ. ಒಗೆದ ಮೇಲೆ ಮತ್ತೆ ಒಂದು ಪೂರ್ತಿ ದಿನ ಬಿಸಿಲು, ಗಾಳಿ.

ವಾಸನೆ ಪೂರ್ತಿ ಹೋಗುವ ತನಕ ಇಸ್ತ್ರಿ ಬೇಡ. ನ್ಯಾಫ್ತಲೀನ್ 80 ಡಿಗ್ರಿಗೆ ಕರಗುತ್ತದೆ, ಇಸ್ತ್ರಿಪೆಟ್ಟಿಗೆ ಅದಕ್ಕಿಂತ ಬಹಳ ಬಿಸಿ. ಕಣ್ಣಿಗೆ ಕಾಣದೆ ಉಳಿದ ಚೂರು ಕರಗಿ ಎಣ್ಣೆಯಂಥ ಕಲೆ ಮಾಡುತ್ತದೆ, ಬಗ್ಗಿ ಇಸ್ತ್ರಿ ಮಾಡುವವರ ಮುಖಕ್ಕೆ ಆವಿ ನೇರವಾಗಿ ಹೊಡೆಯುತ್ತದೆ. ಬೀದಿಯ ಇಸ್ತ್ರಿ ಗಾಡಿಗೆ ಇಂಥ ಬಟ್ಟೆ ಕೊಡುವವರು ಇದನ್ನು ಯೋಚಿಸಬೇಕು.

ಹಂತ 5: ರೇಷ್ಮೆ ಸೀರೆ

ರೇಷ್ಮೆಗೆ ನೇರ ಬಿಸಿಲು ಶತ್ರು, ಬಿಸಿನೀರೂ ಶತ್ರು. ಇಲ್ಲಿ ನಮ್ಮ ಕೈಯಲ್ಲಿ ಉಳಿಯುವುದು ನೆರಳಿನ ಗಾಳಿ ಮಾತ್ರ. ಆದ್ದರಿಂದ ಮದುವೆಗೆ ಉಡಬೇಕಾದ ಸೀರೆಯನ್ನು ಹಿಂದಿನ ದಿನ ಬೀರುವಿನಿಂದ ತೆಗೆದರೆ ಯಾವ ಉಪಾಯವೂ ನಡೆಯುವುದಿಲ್ಲ. ಮೂರು ವಾರ ಮೊದಲೇ ತೆಗೆಯಬೇಕು.

ಬಿಸಿಲು ಬೀಳದ, ಆದರೆ ಮಧ್ಯಾಹ್ನ ಬೆಚ್ಚಗಿರುವ ಕೋಣೆಯಲ್ಲಿ ಹಗ್ಗ ಕಟ್ಟಿ, ಹಗ್ಗದ ಮೇಲೆ ಹಳೆಯ ಬಿಳಿ ಪಂಚೆ ಹಾಸಿ, ಅದರ ಮೇಲೆ ಸೀರೆಯನ್ನು ಎರಡು ಪದರದಷ್ಟು ಮಾತ್ರ ಇಳಿಬಿಡಿ. ಜರಿಯ ಅಂಚು ಒಳಮುಖವಾಗಿರಲಿ. ಫ್ಯಾನನ್ನು ಅತ್ಯಂತ ನಿಧಾನದ ವೇಗದಲ್ಲಿ, ಸೀರೆ ಸಣ್ಣಗೆ ಅಲುಗುವಷ್ಟು ದೂರದಲ್ಲಿ ಇಡಿ. ಪಟಪಟ ಹೊಡೆದುಕೊಳ್ಳುವಂತಿದ್ದರೆ ಜರಿಯ ಎಳೆ ಬಿಡುತ್ತದೆ. ಎರಡು ದಿನಕ್ಕೊಮ್ಮೆ ಹಗ್ಗದ ಮೇಲಿನ ಜಾಗ ಬದಲಿಸಿ, ಇಲ್ಲವಾದರೆ ಅಲ್ಲೇ ಗೆರೆ ಬೀಳುತ್ತದೆ. ಸೆರಗಿನ ಭಾಗ ಕೊನೆಗೆ ಶುದ್ಧವಾಗುತ್ತದೆ, ಏಕೆಂದರೆ ಅಲ್ಲಿ ಜರಿ ಮತ್ತು ನೇಯ್ಗೆ ದಟ್ಟವಾಗಿರುತ್ತದೆ. ಮೂಸಿ ನೋಡುವಾಗಲೂ ಒಡಲನ್ನು ಬಿಟ್ಟು ಸೆರಗನ್ನೇ ನೋಡಿ.

ಗುಳಿಗೆ ನೇರವಾಗಿ ತಾಗಿದ ಕಡೆ ಜರಿ ಕಪ್ಪಾಗಿದ್ದರೆ ಅಥವಾ ರೇಷ್ಮೆಯ ಮೇಲೆ ಎಣ್ಣೆಯಂಥ ಮಚ್ಚೆ ಇದ್ದರೆ ಮನೆಯಲ್ಲಿ ಉಜ್ಜಬೇಡಿ, ರೇಷ್ಮೆಯ ಡ್ರೈಕ್ಲೀನಿಂಗ್ ಬಲ್ಲವರಿಗೆ ಮಚ್ಚೆಯ ಕಾರಣ ಹೇಳಿ ಕೊಡಿ. ಬೇರೆ ಬೇರೆ ಬಗೆಯ ಗುಳಿಗೆಗಳನ್ನು ಒಟ್ಟಿಗೆ ಹಾಕಿದ್ದಾಗ ಇಂಥ ಮಚ್ಚೆ ಹೆಚ್ಚು. ನ್ಯಾಫ್ತಲೀನ್ ಮತ್ತು ಪ್ಯಾರಾಡೈಕ್ಲೋರೋಬೆಂಜೀನ್ ಒಂದಕ್ಕೊಂದು ತಾಗಿದರೆ ಬೇಸಿಗೆಯ ಬಿಸಿಗೇ ಜಿಡ್ಡಾಗಿ ಕರಗುತ್ತವೆ.

ಸಾಂಬ್ರಾಣಿ, ಧೂಪ ಹಾಕಿದರೆ ಹೋಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಹೊಗೆ ಗುಳಿಗೆಯ ಆವಿಯನ್ನು ತೆಗೆಯುವುದಿಲ್ಲ, ತನ್ನ ವಾಸನೆಯನ್ನು ರೇಷ್ಮೆಗೆ ಸೇರಿಸುತ್ತದೆ ಅಷ್ಟೆ. ಉರಿಯುವ ಗುಣವುಳ್ಳ ಗುಳಿಗೆಯ ಚೂರುಗಳು ಉಳಿದಿರಬಹುದಾದ ಬೀರುವಿನೊಳಗೆ ಕೆಂಡದ ಧೂಪಾರತಿ ಇಡುವುದು ಅಪಾಯವೂ ಹೌದು.

ಹಂತ 6: ಕಂಬಳಿ, ರಗ್ಗು, ರಜಾಯಿ

ದಪ್ಪ ಹೊದಿಕೆಯ ತೊಡಕು ಅದರ ಒಳಗಿದೆ. ಮೇಲ್ಮೈ ಒಂದೇ ದಿನದಲ್ಲಿ ವಾಸನೆ ಬಿಟ್ಟಂತೆ ಕಾಣುತ್ತದೆ, ನಾಲ್ಕು ದಿನ ಮಡಿಸಿಟ್ಟರೆ ಒಳಗಿನದು ಮತ್ತೆ ಮೇಲಕ್ಕೆ ಬರುತ್ತದೆ. ಇದನ್ನು ಕಂಡು ಬೇಸತ್ತು ಕಂಬಳಿಯನ್ನು ನೀರಿಗೆ ಹಾಕುವವರಿದ್ದಾರೆ.

ಕರಿ ಕುರಿ ಕಂಬಳಿಗೆ ನೇಯ್ದ ಮೇಲೆ ಹುಣಸೆಬೀಜದ ಗಂಜಿ ಹಚ್ಚಿರುತ್ತಾರೆ. ಅದರ ಗಟ್ಟಿತನ ಅದರಿಂದ. ನೆನೆಸಿ ತಿಕ್ಕಿದರೆ ಗಂಜಿ ಬಿಟ್ಟುಹೋಗುತ್ತದೆ, ಬಿಸಿನೀರಾದರೆ ಉಣ್ಣೆ ಕುಗ್ಗಿ ಒತ್ತಾಗುತ್ತದೆ. ಆದ್ದರಿಂದ ಕಂಬಳಿಗೆ ಒಣ ಚಿಕಿತ್ಸೆಯೇ ಸರಿ. ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಬಿಸಿಲಲ್ಲಿ ಎರಡು ಹಗ್ಗಗಳ ಮೇಲೆ, ಕೆಳಗಿನಿಂದಲೂ ಗಾಳಿ ಆಡುವಂತೆ ಹರಡಿ. ತಾರಸಿಯ ನೆಲದ ಮೇಲೆ ಹಾಸಿದರೆ ಅರ್ಧ ಕೆಲಸ ಮಾತ್ರ ಆಗುತ್ತದೆ. ಎರಡು ಗಂಟೆಗೊಮ್ಮೆ ಮೈ ತಿರುಗಿಸಿ, ತಿರುಗಿಸುವಾಗ ಬೆತ್ತದಿಂದ ಸಮನಾಗಿ ಬಡಿಯಿರಿ. ಹೀಗೆ ಬಡಿದಾಗ ಒಳಗಿನ ಬಿಸಿ ಗಾಳಿ ಹೊರಗೆ ಬರುತ್ತದೆ, ನುಸಿಯ ಮರಿಹುಳುಗಳೇನಾದರೂ ಇದ್ದರೆ ಉದುರುತ್ತವೆ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಗಾಳಿಗೆ ಬೆನ್ನು ಮಾಡಿ ನಿಲ್ಲಿ.

ಕ್ಯಾತ್ಸಂದ್ರದ ಟ್ರಂಕಿನಲ್ಲಿ ಶಿರಾ ಕಡೆಯಿಂದ ತಂದ ಎರಡು ಕಂಬಳಿಗಳಿದ್ದವು. ಮಾರ್ಚ್ ಮೊದಲ ವಾರದ ಬಿಸಿಲಿಗೆ ಅವು ವಾಸನೆ ಬಿಡಲು ಹತ್ತು ದಿನ ಹಿಡಿಯಿತು. ಐದನೆಯ ದಿನ ಮನೆಯವರು ಸಾಕೆಂದು ಮಡಿಸಿಟ್ಟಿದ್ದರು. ಎರಡು ದಿನದ ನಂತರ ಮಡಿಕೆ ಬಿಚ್ಚಿ ನಟ್ಟನಡುವೆ ಮೂಸಿದಾಗ ವಾಸನೆ ಇತ್ತು, ಅಂಚಿನಲ್ಲಿ ಇರಲಿಲ್ಲ. ಕಂಬಳಿಯ ಪರೀಕ್ಷೆ ಯಾವಾಗಲೂ ನಡುಭಾಗದಲ್ಲಿ ಆಗಬೇಕು.

ಪಾಲಿಯೆಸ್ಟರ್ ರಗ್ಗನ್ನು ಒಂದು ವಾರ ಬಿಸಿಲಿಗೆ ಹಾಕಿ, ಬೆಚ್ಚನೆಯ ನೀರಿನಲ್ಲಿ ಒಗೆದು, ಮತ್ತೆ ಬಿಸಿಲಿಗೆ ಹಾಕಬಹುದು. ಹತ್ತಿ ತುಂಬಿದ ರಜಾಯಿಯನ್ನು ನೆನೆಸಬಾರದು. ಅದರ ಹೊರ ಗವಸನ್ನು ಬಿಚ್ಚಿ ಬೇರೆಯಾಗಿ ಒಗೆದು, ಒಳಗಿನದನ್ನು ಮಾತ್ರ ಬಿಸಿಲಿಗೆ ಕಾಯಿಸಿ. ಹತ್ತಿ ಹಳೆಯದಾಗಿ ಗಂಟುಕಟ್ಟಿದ್ದರೆ ಹತ್ತಿ ಎಕ್ಕಿಸುವವರಲ್ಲಿ ಎಕ್ಕಿಸುವುದೇ ಮೇಲು, ಎಳೆ ಬಿಡಿಬಿಡಿಯಾದರೆ ಒಂದೆರಡು ದಿನದ ಗಾಳಿ ಸಾಕಾಗುತ್ತದೆ. ತಗಡಿನ ಟ್ರಂಕಿಗೆ ಸ್ಟೀಲ್ ಬೀರುವಿನ ಕ್ರಮವೇ ಅನ್ವಯ. ಮುಚ್ಚಳ ತೆರೆದು ಬಿಸಿಲಿಗಿಟ್ಟರೆ ತಗಡು ಕಾಯ್ದು ಇನ್ನೂ ಬೇಗ ಮುಗಿಯುತ್ತದೆ.

ಹಂತ 7: ಡಬ್ಬಿ ಪರೀಕ್ಷೆ

ದಿನವಿಡೀ ಇದೇ ವಾಸನೆಯ ನಡುವೆ ಓಡಾಡಿದ ಮೂಗನ್ನು ನಂಬಬೇಡಿ, ಅದು ಒಗ್ಗಿಹೋಗಿರುತ್ತದೆ. ಒಂದು ಕರವಸ್ತ್ರದಷ್ಟು ಭಾಗವನ್ನು, ಅಂದರೆ ಸೀರೆಯಾದರೆ ಸೆರಗಿನ ತುದಿ, ಅಂಗಿಯಾದರೆ ಕಾಲರಿನ ಕಡೆ, ಒಣಗಿದ ಸ್ಟೀಲ್ ಡಬ್ಬಿಯೊಳಗೆ ತೂರಿಸಿ ಅಥವಾ ಸಣ್ಣ ಬಟ್ಟೆಯನ್ನು ಪೂರ್ತಿ ಹಾಕಿ ಮುಚ್ಚಿ. ಡಬ್ಬಿಯನ್ನು ಬೆಚ್ಚಗಿನ ಜಾಗದಲ್ಲಿ ಅರ್ಧ ಗಂಟೆ ಇಡಿ. ಹೊರಗಿನಿಂದ ಆಗತಾನೆ ಮನೆಗೆ ಬಂದವರ ಕೈಗೆ ಕೊಟ್ಟು ಮುಚ್ಚಳ ತೆಗೆಸಿ, ಏನನ್ನು ಮೂಸುತ್ತಿದ್ದೇವೆ ಎಂದು ಅವರಿಗೆ ಮೊದಲೇ ಹೇಳಬೇಡಿ. ಅವರು ತಾವಾಗಿಯೇ ಗುಳಿಗೆಯ ಹೆಸರೆತ್ತದಿದ್ದರೆ ಆ ಬಟ್ಟೆ ಒಳಗೆ ಹೋಗಬಹುದು. ಕಪಾಟಿಗೂ ಇದೇ ಕ್ರಮ: ಖಾಲಿ ಕಪಾಟನ್ನು ಒಂದು ರಾತ್ರಿ ಇದ್ದಿಲಿಲ್ಲದೆ ಮುಚ್ಚಿಟ್ಟು, ಬೆಳಗ್ಗೆ ತೆರೆದ ಕ್ಷಣ ಮೂಸಿ ನೋಡಿ. ಒಂದು ನಿಮಿಷ ತಡವಾದರೂ ಫಲಿತಾಂಶ ತಪ್ಪುತ್ತದೆ.

ಎಳೆಮಕ್ಕಳಿರುವ ಮನೆಗೆ ಎಚ್ಚರಿಕೆ

ನ್ಯಾಫ್ತಲೀನ್ ಕೆಲವರ ರಕ್ತದ ಕೆಂಪುಕಣಗಳನ್ನು ಒಡೆಯುತ್ತದೆ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದ ಇರುವವರಿಗೆ ಈ ಅಪಾಯ ಹೆಚ್ಚು. ಕೊರತೆ ಇದೆಯೆಂದು ಎಷ್ಟೋ ಮನೆಗಳಲ್ಲಿ ಗೊತ್ತೇ ಇರುವುದಿಲ್ಲ. ನವಜಾತ ಶಿಶುಗಳಲ್ಲಿ ಇದು ತೀವ್ರವಾದ ಕಾಮಾಲೆಗೆ ಕಾರಣವಾಗಬಹುದು. ನಮ್ಮ ಪದ್ಧತಿಯಂತೆ ಮಗುವಿಗೆ ಎಣ್ಣೆ ಹಚ್ಚಿ, ಅಟ್ಟದಿಂದ ತೆಗೆದ ಹಳೆಯ ಮೆತ್ತನೆಯ ಬಟ್ಟೆಯಲ್ಲಿ ಸುತ್ತುತ್ತೇವೆ. ಎಣ್ಣೆಯ ಮೈ ಈ ವಸ್ತುವನ್ನು ಇನ್ನೂ ಹೆಚ್ಚಾಗಿ ಹೀರುತ್ತದೆ. ಆದ್ದರಿಂದ ಗುಳಿಗೆಯ ಜೊತೆಗಿದ್ದ ಬಟ್ಟೆ, ಕಂಬಳಿಗಳನ್ನು ನವಜಾತ ಶಿಶುವಿಗೆ ಬಳಸಲೇಬೇಡಿ. ಅದಕ್ಕೆ ಹೊಸ ಬಟ್ಟೆ ಒಗೆದು ಬಳಸಿ. ಸ್ವಲ್ಪ ದೊಡ್ಡ ಮಕ್ಕಳ ಬಟ್ಟೆಯಾದರೆ ನಾಲ್ಕನೆಯ ಹಂತವನ್ನು ಎರಡು ಸಲ ಮಾಡಿ, ಡಬ್ಬಿ ಪರೀಕ್ಷೆ ದಾಟಿದ ಮೇಲೆಯೇ ತೊಡಿಸಿ.

ಇಂಥ ಬಟ್ಟೆ ಬಳಸಿದ ನಂತರ ಮಗುವಿನ ಕಣ್ಣು ಹಳದಿಯಾದರೆ, ಮೈ ಬಿಳಚಿಕೊಂಡರೆ, ಮೂತ್ರ ಟೀ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿದರೆ, ಹಾಲು ಬಿಟ್ಟು ಮಂಕಾಗಿ ಮಲಗಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ನುಸಿಗುಳಿಗೆಯ ವಿಷಯವನ್ನು ವೈದ್ಯರಿಗೆ ನೀವೇ ಹೇಳಿ. ಗುಳಿಗೆಯನ್ನು ಪೆಪ್ಪರ್‌ಮೆಂಟ್ ಎಂದು ಮಗು ನುಂಗಿದ್ದರೆ ವಾಂತಿ ಮಾಡಿಸಬೇಡಿ. ಹಾಲು, ತುಪ್ಪ ಕುಡಿಸಬೇಡಿ, ಜಿಡ್ಡು ಅದನ್ನು ಬೇಗ ರಕ್ತಕ್ಕೆ ಸೇರಿಸುತ್ತದೆ. 108ಕ್ಕೆ ಕರೆಮಾಡಿ, ಉಳಿದ ಗುಳಿಗೆಯ ಪೊಟ್ಟಣವನ್ನು ಜೊತೆಗೆ ಕೊಂಡೊಯ್ಯಿರಿ. ಕೆಲಸ ಮಾಡುವ ದೊಡ್ಡವರಿಗೂ ತಲೆಸುತ್ತು, ಓಕರಿಕೆ ಬಂದರೆ ಅಂದಿಗೆ ಅಲ್ಲಿಗೇ ನಿಲ್ಲಿಸಿ ಹೊರಗಿನ ಗಾಳಿಗೆ ಬನ್ನಿ.

ಮರಳಿ ಇಡುವಾಗ

ಬಟ್ಟೆ ತಿನ್ನುವ ನುಸಿಗೆ ಬೇಕಾಗಿರುವುದು ಉಣ್ಣೆ ಮತ್ತು ರೇಷ್ಮೆ, ಅದರಲ್ಲೂ ಬೆವರು, ಊಟದ ಕಲೆ ಇರುವ ಭಾಗ. ಹತ್ತಿಯ ಅಂಗಿಗೂ ಪಾಲಿಯೆಸ್ಟರ್ ಸೀರೆಗೂ ಗುಳಿಗೆ ಹಾಕುವುದು ದಂಡ. ಗುಳಿಗೆಯ ಆವಿ ನುಸಿಯನ್ನು ಕೊಲ್ಲುವುದು ಗಾಳಿಯಾಡದ ಪೆಟ್ಟಿಗೆಯಲ್ಲಿ ದಟ್ಟವಾಗಿ ತುಂಬಿದಾಗ ಮಾತ್ರ. ದಿನಕ್ಕೆ ಹತ್ತು ಸಲ ಬಾಗಿಲು ತೆರೆಯುವ ಬೀರುವಿನಲ್ಲಿ ಅದರಿಂದ ನುಸಿಗಿಂತ ಮನೆಯವರಿಗೇ ಹೆಚ್ಚು ತೊಂದರೆ.

ರೇಷ್ಮೆಯನ್ನು ಒಗೆದ ಬಿಳಿ ಪಂಚೆಯಲ್ಲಿ ಒಂದೊಂದಾಗಿ ಸುತ್ತಿ, ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ. ಪಂಚೆಯನ್ನು ಅಂಟುವಾಳದ ನೀರಿನಲ್ಲಿ ಅಥವಾ ಪರಿಮಳವಿಲ್ಲದ ಸೋಪಿನಲ್ಲಿ ಒಗೆದಿದ್ದರೆ ಒಳ್ಳೆಯದು. ಕಂಬಳಿಯನ್ನು ಚಳಿಗಾಲ ಮುಗಿದ ಮೇಲೆ ಎರಡು ದಿನ ಬಿಸಿಲಿಗೆ ಕಾಯಿಸಿ ಬಡಿದು, ಅದು ಪೂರ್ತಿ ತಣ್ಣಗಾದ ಮೇಲೆ ದಪ್ಪ ಹತ್ತಿಯ ಚೀಲದಲ್ಲಿ ಹಾಕಿ ಬಾಯಿ ಹೊಲಿದುಬಿಡಿ. ಮಳೆಗಾಲದ ನಡುವೆ ನಾಲ್ಕು ದಿನ ಒಳ್ಳೆಯ ಬಿಸಿಲು ಬಂದರೆ ಹೊಲಿಗೆ ಬಿಚ್ಚಿ ಮತ್ತೊಮ್ಮೆ ಬಿಸಿಲು ತೋರಿಸಿ. ಒಣಗಿದ ಬೇವಿನೆಲೆ ಹಾಕಬೇಕೆನ್ನುವವರು ಹಾಕಬಹುದು; ಎಲೆ ಹಸಿಯಾಗಿದ್ದರೆ ಬೂಷ್ಟು ಬರುತ್ತದೆ, ಪುಡಿಯಾದರೆ ಉಣ್ಣೆಯಿಂದ ಬಿಡಿಸುವುದು ಕಷ್ಟ, ಆದ್ದರಿಂದ ತೆಳುಬಟ್ಟೆಯ ಗಂಟಿನಲ್ಲಿ ಕಟ್ಟಿ ಹಾಕಿ.